ಪೂರ್ಣ ಕ್ರಿಯಾಪದ ಬಂದ ಮೇಲೂ ಅಲ್ಪವಿರಾಮ: ಈ ಪ್ಯಾರಾ ತಿದ್ದುವುದು ಹೇಗೆ?

ಕರಡುಪ್ರತಿ
ನೀರೆತ್ತುವ ಪಂಪ್ ಒಂದರ ಬಳಕೆದಾರರ ಕೈಪಿಡಿಯ ಕನ್ನಡ ಪಠ್ಯ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದವರು ಯಾರೋ ಗೊತ್ತಿಲ್ಲ. ಪುಟಗಟ್ಟಲೆ ಹೀಗೇ ಇದೆ:

"ಪಂಪ್ ಚಾಲೂ ಮಾಡಿ, ಒತ್ತಡ ಏರುತ್ತದೆ, ಡೆಲಿವರಿ ವಾಲ್ವ್ ನಿಧಾನವಾಗಿ ತೆರೆಯಿರಿ, ನೀರು ಬರುವುದಿಲ್ಲ, ಪಂಪ್‌ನಲ್ಲಿ ಗಾಳಿ ಸೇರಿರುತ್ತದೆ, ಪಂಪ್ ನಿಲ್ಲಿಸಿ, ನೀರು ತುಂಬಿಸಿ, ಮತ್ತೆ ಚಾಲೂ ಮಾಡಿ."

ಇಂಗ್ಲಿಷಿನಲ್ಲಾದರೆ ಇದನ್ನು ಕಾಮಾ ಸ್ಪ್ಲೈಸ್ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ಕನ್ನಡದಲ್ಲೂ ಇದು ತಪ್ಪೇ? ತಪ್ಪಾದರೆ ಎಲ್ಲಿ ಪೂರ್ಣವಿರಾಮ, ಎಲ್ಲಿ ಅರ್ಧವಿರಾಮ, ಎಲ್ಲಿ "ಆದರೆ", "ಆದ್ದರಿಂದ" ಹಾಕಬೇಕು? ನನ್ನ ಜೊತೆ ಕೆಲಸ ಮಾಡುವವರು "ಓದಿದರೆ ಅರ್ಥ ಆಗುತ್ತಲ್ಲ, ಬಿಡಿ" ಅನ್ನುತ್ತಿದ್ದಾರೆ.

ಎಡಗೈಲೇಖನಿ
ವಾಕ್ಯ ತುಂಬಾ ಉದ್ದ ಇದೆ, ಅದೇ ಸಮಸ್ಯೆ. ಹತ್ತು ಹನ್ನೆರಡು ಪದಕ್ಕೊಂದು ಪೂರ್ಣವಿರಾಮ ಹಾಕುತ್ತಾ ಹೋಗಿ, ಸರಿಹೋಗುತ್ತದೆ.

ನಿಧಾನಿ
@ಎಡಗೈಲೇಖನಿ ಉದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೆ. "ಮಳೆ ಬಂತು ಕೊಡೆ ಇಲ್ಲ." ಇದರಲ್ಲಿ ಇರುವುದೇ ನಾಲ್ಕು ಪದ, ಆದರೂ ಎರಡು ವಾಕ್ಯ ಒಂದರೊಳಗೊಂದು ನುಗ್ಗಿವೆ. ಅದೇ "ಮಳೆ ಬಂದು, ಕೊಡೆಯಿಲ್ಲದೆ, ಮರದಡಿ ನಿಂತು, ನೆನೆದು, ನಡುಗುತ್ತಾ ಮನೆಗೆ ಬಂದವನನ್ನು ಕಂಡು ಅಜ್ಜಿ ನಕ್ಕಳು" ಅನ್ನುವುದು ಉದ್ದವಿದ್ದರೂ ಒಂದೇ ವಾಕ್ಯ. ಪೂರ್ಣ ಕ್ರಿಯಾಪದ "ನಕ್ಕಳು" ಒಂದೇ. ಉಳಿದದ್ದೆಲ್ಲ ಅದರ ಬೆನ್ನಿಗೆ ಹತ್ತಿಕೊಂಡಿದೆ.

ಎಡಗೈಲೇಖನಿ
ಸರಿ, ಪದ ಎಣಿಸುವ ಮಾತು ವಾಪಸ್. ಆದರೆ ಪೂರ್ಣವಿರಾಮ ಹಾಕಿದರೆ ಸರಿಹೋಗುತ್ತದೆ ಅನ್ನುವುದು ನಿಜ ತಾನೇ?

ಸಾಲುಮರ
ಹಾಕಿ ನೋಡೋಣ ಬನ್ನಿ.

"ಪಂಪ್ ಚಾಲೂ ಮಾಡಿ. ಒತ್ತಡ ಏರುತ್ತದೆ. ಡೆಲಿವರಿ ವಾಲ್ವ್ ನಿಧಾನವಾಗಿ ತೆರೆಯಿರಿ. ನೀರು ಬರುವುದಿಲ್ಲ."

ಅಬ್ಬಾ! ನೀರು ಬರುವುದಿಲ್ಲ ಅಂತ ಕಂಪನಿಯೇ ಖಾತ್ರಿ ಕೊಟ್ಟ ಹಾಗಾಯ್ತು. 😄

ಒಂದೂವರೆ
ಸಾಲುಮರ 😂😂 ಗ್ಯಾರಂಟಿ ಕಾರ್ಡಿನಲ್ಲೇ ಅಚ್ಚು ಹಾಕಿಸಿ.

ಅಂಚೆಚೀಟಿ
ನಗು ಬದಿಗಿರಲಿ, ಸಾಲುಮರ ತೋರಿಸಿದ್ದೇ ಇಲ್ಲಿ ಮುಖ್ಯ. ಕೈಪಿಡಿ, ಸುತ್ತೋಲೆಗಳ ಕರಡು ತಿದ್ದುವುದು ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಅಲ್ಪವಿರಾಮ ಇಟ್ಟಾಗ ಅವೆರಡರ ನಂಟು ಏನು ಅನ್ನುವುದನ್ನು ಬರೆದವರು ಹೇಳದೆ ಬಿಟ್ಟಿರುತ್ತಾರೆ. ಕಾರಣವೋ, ಷರತ್ತೋ, ಒಂದಾದ ಮೇಲೊಂದೋ, ವಿರೋಧವೋ ಎಂದು ಓದುವವರೇ ಊಹಿಸಿಕೊಳ್ಳಬೇಕು. "ನೀರು ಬರುವುದಿಲ್ಲ, ಪಂಪ್‌ನಲ್ಲಿ ಗಾಳಿ ಸೇರಿರುತ್ತದೆ" ಎಂಬಲ್ಲಿ ಬೇಕಿರುವುದು ಷರತ್ತು: ನೀರು ಬರದಿದ್ದರೆ ಗಾಳಿ ಸೇರಿದೆ ಎಂದು ತಿಳಿಯಿರಿ. ಅಲ್ಪವಿರಾಮ ತೆಗೆದು ಪೂರ್ಣವಿರಾಮ ಹಾಕಿದರೆ ಚಿಹ್ನೆಯ ತಪ್ಪು ಹೋಗುತ್ತದೆ, ಷರತ್ತು ಮಾತ್ರ ಕಾಣೆಯಾಗಿಯೇ ಉಳಿಯುತ್ತದೆ. ಅದಕ್ಕೇ ಓದುವಾಗ ನಗು ಬಂದದ್ದು.

ಹಾಗಾಗಿ ನಾನು ಮೊದಲು ಚಿಹ್ನೆ ಮುಟ್ಟುವುದೇ ಇಲ್ಲ. ಪೂರ್ಣ ಕ್ರಿಯಾಪದ ಸಿಕ್ಕಲ್ಲೆಲ್ಲ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕುತ್ತೇನೆ. ಆಮೇಲೆ ಗೆರೆಯ ಎಡಬಲದ ಎರಡು ತುಂಡುಗಳಿಗೆ ಏನು ನಂಟು ಅಂತ ಕೇಳಿಕೊಳ್ಳುತ್ತೇನೆ. ಷರತ್ತಾದರೆ ಕ್ರಿಯಾಪದವನ್ನೇ "ಬರದಿದ್ದರೆ" ಅಂತ ಬಗ್ಗಿಸುತ್ತೇನೆ, ಒಂದಾದ ಮೇಲೊಂದು ಆದರೆ "ಏರಿದ ಮೇಲೆ" ಅಂತ. ನಂಟು ಇಲ್ಲವೇ ಇಲ್ಲ ಅಂದರೆ ಪೂರ್ಣವಿರಾಮ. ನಂಟು ಇದೆ, ಆದರೆ ಎರಡನೆಯ ತುಂಡೇ ಅದನ್ನು ತೋರಿಸುತ್ತದೆ ಅಂದರೆ ಅರ್ಧವಿರಾಮ ಸಾಕು.

ನಮಗಿರುವ ಒಂದು ಅನುಕೂಲ ನೋಡಿ. ಇಂಗ್ಲಿಷಿನವರು ಬಹುಪಾಲು ಬೇರೆ ಪದ ತಂದು ಹೊಲಿಗೆ ಹಾಕಬೇಕು. ನಮ್ಮಲ್ಲಿ ಕ್ರಿಯಾಪದದ ಬಾಲ ಬದಲಿಸಿದರೂ ಎರಡು ವಾಕ್ಯ ಕೂಡಿಕೊಳ್ಳುತ್ತವೆ. ಕರಡು ತಿದ್ದುವಾಗ ಬಹಳಷ್ಟು ಸಲ "ಮತ್ತು", "ಆದ್ದರಿಂದ" ಬೇಕಾಗುವುದೇ ಇಲ್ಲ.

ಕರಡುಪ್ರತಿ
@ಅಂಚೆಚೀಟಿ ಧನ್ಯವಾದ ಮೇಡಂ. ಗೆರೆ ಹಾಕಲು ಕೂತೆ, ಮೊದಲನೆಯದರಲ್ಲೇ ನಿಂತೆ. "ಪಂಪ್ ಚಾಲೂ ಮಾಡಿ" ಅನ್ನುವ "ಮಾಡಿ" ಪೂರ್ಣ ಕ್ರಿಯಾಪದವೋ ಅಲ್ಲವೋ?

ಅಂಚೆಚೀಟಿ
ಅಹಾ, ಸರಿಯಾದ ಕಡೆಯೇ ನಿಂತಿರಿ. ಅದು ಎರಡೂ ಹೌದು. "ಮಾಡಿ" ಅಂದರೆ ಮಾಡಿರಿ ಎಂಬ ಆಜ್ಞೆ. ಆಗ ವಾಕ್ಯ ಅಲ್ಲಿಗೆ ಮುಗಿಯಿತು. "ಮಾಡಿ" ಅಂದರೆ ಮಾಡಿಕೊಂಡು ಮುಂದಕ್ಕೆ ಎಂದೂ ಆಗುತ್ತದೆ. ಆಗ ವಾಕ್ಯ ಇನ್ನೂ ನಡೆಯುತ್ತಿದೆ. ನಿಲ್ಲಿಸಿ, ತುಂಬಿಸಿ, ತಿರುಗಿಸಿ, ಹಾಕಿ, ಎಲ್ಲವೂ ಇದೇ ಜಾತಿ. "ತೆರೆ", "ಕೊಡು", "ಇಡು" ಇವುಗಳಲ್ಲಿ ಈ ಗೊಂದಲ ಇಲ್ಲ: ತೆರೆಯಿರಿ ಬೇರೆ, ತೆರೆದು ಬೇರೆ, ಕೊಡಿ ಬೇರೆ, ಕೊಟ್ಟು ಬೇರೆ, ಇಡಿ ಬೇರೆ, ಇಟ್ಟು ಬೇರೆ.

ಕನ್ನಡ ಕೈಪಿಡಿಗಳಲ್ಲಿ ಅಲ್ಪವಿರಾಮದ ಸರಪಳಿ ಇಷ್ಟು ಉದ್ದ ಬೆಳೆಯುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಬರೆಯುವವರ ಕಿವಿಗೆ "ಮಾಡಿ" ಮುಂದುವರಿದಂತೆ ಕೇಳುತ್ತದೆ, ಅಲ್ಪವಿರಾಮ ಹಾಕುತ್ತಾರೆ. ಆಮೇಲೆ "ಒತ್ತಡ ಏರುತ್ತದೆ" ಬಂದಾಗ ಕರ್ತೃವೇ ಬದಲಾಗಿರುತ್ತದೆ. ಚಾಲೂ ಮಾಡುವವರು ನೀವು, ಏರುವುದು ಒತ್ತಡ.

ಬಿಡಿಹೂ
ಇದಕ್ಕೆ ಸುಲಭದ ಮದ್ದು: ಆಜ್ಞೆ ಇರುವ ಕಡೆಯೆಲ್ಲ "ಮಾಡಿರಿ, ನಿಲ್ಲಿಸಿರಿ" ಅಂತಲೇ ಬರೆಯಿರಿ.

ಒಂದೂವರೆ
ಮಾಡಿರಿ ನಿಲ್ಲಿಸಿರಿ ತುಂಬಿಸಿರಿ... ಪ್ರಾಥಮಿಕ ಶಾಲೆಯ ಮಾಸ್ತರು ನೆನಪಾದರು. ಕೈ ಕಟ್ಟಿ ಕೂರಬೇಕೇನೋ ಅನಿಸ್ತಿದೆ.

ಬಿಡಿಹೂ
ಕೈ ಕಟ್ಟಿಕೊಂಡಾದರೂ ಸರಿಯಾಗಿ ಪಂಪ್ ನಿಲ್ಲಿಸಿದರೆ ಸಾಕು.

ಸೂತ್ರಧಾರಿ
ಕರ್ತೃ ಬದಲಾದರೆ "ಮಾಡಿ", "ಬಂದು" ರೂಪ ಬಳಸಲೇಬಾರದು. ಇದು ವ್ಯಾಕರಣದ ನಿಯಮ. ಎರಡು ಕ್ರಿಯೆಗೂ ಕರ್ತೃ ಒಂದೇ ಇರಬೇಕು. ಇಲ್ಲಿ ಮುಗಿಯಿತು ಚರ್ಚೆ.

ನಿಧಾನಿ
"ಮಳೆ ಬಂದು ಕೆರೆ ತುಂಬಿತು." ಬಂದದ್ದು ಮಳೆ, ತುಂಬಿದ್ದು ಕೆರೆ. ತಪ್ಪೇನು ಗುರುಗಳೇ?

ಸೂತ್ರಧಾರಿ
ಅದು ಅಪವಾದ.

ನಿಧಾನಿ
"ಬೇರು ಕೊಳೆತು ಗಿಡ ಒಣಗಿತು." "ಟೈರ್ ಒಡೆದು ಗಾಡಿ ಪಲ್ಟಿಯಾಯಿತು." ಅಪವಾದದ ಸಾಲೇ ಉದ್ದ ಆಯಿತಲ್ಲ. ನನಗೆ ಕಾಣುವುದು ಹೀಗೆ: ಮೊದಲನೆಯದು ಎರಡನೆಯದಕ್ಕೆ ನೇರ ಕಾರಣವಾಗಿ, ಯಾರ ಇಚ್ಛೆಯೂ ನಡುವೆ ಇಲ್ಲದಿದ್ದರೆ ಕರ್ತೃ ಬೇರೆಯಾದರೂ ಕಿವಿ ಒಪ್ಪುತ್ತದೆ. "ಅವನು ಬಂದು ನಾನು ಹೋದೆ" ಅಂದರೆ ಒಪ್ಪುವುದಿಲ್ಲ. "ಅವನು ಬಂದ ಮೇಲೆ ನಾನು ಹೋದೆ" ಅನ್ನಬೇಕು. ಹಾಗಾಗಿ "ಪಂಪ್ ಚಾಲೂ ಮಾಡಿ ಒತ್ತಡ ಏರುತ್ತದೆ" ನಿಲ್ಲುವುದಿಲ್ಲ ಅನ್ನುವ ಮಟ್ಟಿಗೆ ನೀವು ಹೇಳಿದ್ದು ಸರಿ. "ಪಂಪ್ ಚಾಲೂ ಮಾಡಿದಾಗ ಒತ್ತಡ ಏರುತ್ತದೆ" ಅನ್ನಬೇಕು.

ಸೂತ್ರಧಾರಿ
ಸರಿ, "ಬಳಸಲೇಬಾರದು" ಅನ್ನುವುದನ್ನು "ನೋಡಿಕೊಂಡು ಬಳಸಿ" ಅಂತ ಓದಿಕೊಳ್ಳಿ.

ಹಳೇಮೋಟಾರು
ವ್ಯಾಕರಣ ನನಗೆ ತಿಳಿಯಲ್ಲ. ಪಂಪ್ ರಿಪೇರಿ ನನ್ನ ಕಸುಬು, ಶೀರ್ಷಿಕೆ ಬಿಟ್ಟು ಪ್ಯಾರಾ ನೋಡಿ ಒಳಗೆ ಬಂದೆ. ಯಾವ ಪಂಪು? ಸೆಂಟ್ರಿಫ್ಯೂಗಲ್ ತಾನೆ? ಹಾಗಿದ್ರೆ ಡೆಲಿವರಿ ವಾಲ್ವ್ ಮುಚ್ಚಿಟ್ಟೇ ಚಾಲೂ ಮಾಡ್ಬೇಕು, ಆಗ ಮೋಟಾರಿನ ಮೇಲೆ ಹೊರೆ ಕಡಿಮೆ. ಗೇಜ್‌ನಲ್ಲಿ ಪ್ರೆಶರ್ ಏರಿ ನಿಂತ ಮೇಲೆ ನಿಧಾನಕ್ಕೆ ತೆರೀಬೇಕು. ಮುಚ್ಚಿಟ್ಟು ತುಂಬಾ ಹೊತ್ತು ಓಡಿಸೋ ಹಾಗೂ ಇಲ್ಲ, ಒಳಗಿನ ನೀರು ಕಾಯುತ್ತೆ. ಇನ್ನೊಂದು ಮಾತು, ಏರ್ ಹಿಡಿದಿದ್ರೆ ಪ್ರೆಶರ್ ಏರೋದೇ ಇಲ್ಲ. ನಿಮ್ಮ ಪುಸ್ತಕದಲ್ಲಿ "ಒತ್ತಡ ಏರುತ್ತದೆ" ಅಂತ ಗ್ಯಾರಂಟಿ ಕೊಟ್ಟಿದ್ದಾರಲ್ಲ, ಅದು ಏರದೇ ಇದ್ರೆ ಏನ್ ಮಾಡ್ಬೇಕು ಅಂತ ಎಲ್ಲಿದೆ? ಒಣ ಓಡಿಸಿದ್ರೆ ಮೆಕ್ಯಾನಿಕಲ್ ಸೀಲ್ ಸುಟ್ಟುಹೋಗುತ್ತೆ, ಆಮೇಲೆ ನಮ್ಮ ಹತ್ರ ಬರ್ತಾರೆ.

ಕರಡುಪ್ರತಿ
@ಹಳೇಮೋಟಾರು ಹೌದು, ಸೆಂಟ್ರಿಫ್ಯೂಗಲ್. ವಾಲ್ವ್ ಮುಚ್ಚಿರಬೇಕು ಅನ್ನುವುದು ಹಿಂದಿನ ಪುಟದಲ್ಲಿ ಎಲ್ಲೋ ಇದೆ. ಒತ್ತಡ ಏರದಿದ್ದರೆ ಏನು ಅನ್ನುವುದು ಎಲ್ಲೂ ಇಲ್ಲ!

ಅಂಚೆಚೀಟಿ
ನೋಡಿ, ಅಲ್ಪವಿರಾಮದ ಹಿಂದೆ ಅಡಗಿದ್ದದ್ದು ಇದೇ. "ಒತ್ತಡ ಏರುತ್ತದೆ, ವಾಲ್ವ್ ತೆರೆಯಿರಿ" ಎಂಬುದನ್ನು ಮೂರು ಬಗೆಯಲ್ಲಿ ಓದಬಹುದು. ಒತ್ತಡ ಏರುತ್ತದೆ, ಆದ್ದರಿಂದ ಕೂಡಲೇ ತೆರೆಯಿರಿ. ಒತ್ತಡ ಏರಿದ ಮೇಲೆ ತೆರೆಯಿರಿ. ಒತ್ತಡ ಏರಿದರೆ ಮಾತ್ರ ತೆರೆಯಿರಿ. ಮೊದಲನೆಯ ಬಗೆಯಲ್ಲಿ ಓದಿದವರು ಗೇಜ್ ಕಡೆ ನೋಡುವುದೇ ಇಲ್ಲ. ಯಾವುದು ಸರಿ ಅಂತ ಯಾವ ವ್ಯಾಕರಣ ಪುಸ್ತಕವೂ ಹೇಳುವುದಿಲ್ಲ, ಹಳೇಮೋಟಾರು ಅವರೇ ಹೇಳಬೇಕು. "ಮೇಲೆ" ಅಥವಾ "ದರೆ" ಅಂತ ಬರೆಯಲು ಕೂತಾಗ ಮಾತ್ರ "ಏರದಿದ್ದರೆ?" ಅನ್ನುವ ಪ್ರಶ್ನೆ ಏಳುತ್ತದೆ.

ಕಿಟಕಿಪಕ್ಕ
ನಮ್ಮ ಪಂಪೂ ಹೀಗೇ, ಬೆಳಿಗ್ಗೆ ಎದ್ದರೆ ನೀರೇ ಬರಲ್ಲ, ದಿನಾ ತುಂಬಿಸಬೇಕು. ಏನು ಮಾಡೋದು?

ಹಳೇಮೋಟಾರು
ಫುಟ್‌ವಾಲ್ವ್ ಸೋರ್ತಿರಬೇಕು. ರಾತ್ರಿಯೆಲ್ಲ ಪೈಪಿನ ನೀರು ಕೆಳಗೆ ಇಳಿದುಹೋಗುತ್ತೆ. ಬಿಚ್ಚಿ ಕಸ ಸಿಕ್ಕಿದೆಯಾ ನೋಡಿ.

ಒಂದೂವರೆ
ಅಲ್ಪವಿರಾಮದ ದಾರದಲ್ಲಿ ಫುಟ್‌ವಾಲ್ವ್ ರಿಪೇರಿ. ಈ ಜಾಗ ನನಗೆ ಇಷ್ಟ.

ತರಗತಿಮೂಲೆ
ಇಂಗ್ಲಿಷ್ ಪಾಠ ಮಾಡುವವಳು ನಾನು. ಅಲ್ಲಿಯ ಕಟ್ಟಳೆ ಹೇಳಿಬಿಡುತ್ತೇನೆ. ಅಲ್ಲಿ ಎರಡು ವಾಕ್ಯಗಳ ನಡುವೆ ಅಲ್ಪವಿರಾಮದ ಜೊತೆ ಆಂಡ್, ಬಟ್, ಆರ್, ಸೋ, ಯೆಟ್ ಥರದ ಪುಟ್ಟ ಪದ ಬಂದರೆ ಸರಿ. ಹೌಎವರ್, ದೇರ್‌ಫೋರ್ ಬಂದರೆ ಅಲ್ಪವಿರಾಮ ಸಾಲದು, ಹಿಂದೆ ಅರ್ಧವಿರಾಮ ಅಥವಾ ಪೂರ್ಣವಿರಾಮ ಬೇಕು. ನನ್ನ ಮಕ್ಕಳು ಎಡವುವುದು ಇಲ್ಲೇ. ಹೌಎವರ್ ಕೂಡ ಬಟ್ ಥರವೇ ಕೊಂಡಿ ಅಂದುಕೊಂಡು ಮುಂದೊಂದು ಹಿಂದೊಂದು ಅಲ್ಪವಿರಾಮ ಇಟ್ಟುಬಿಡುತ್ತಾರೆ. ಗುರುತಿಸಲು ಒಂದು ಉಪಾಯ ಹೇಳಿಕೊಡುತ್ತೇನೆ: ಆ ಪದವನ್ನು ತನ್ನ ವಾಕ್ಯದ ನಡುವಿಗೋ ಕೊನೆಗೋ ಸರಿಸಿ ನೋಡಿ. ಹೌಎವರ್ ಆರಾಮವಾಗಿ ಸರಿಯುತ್ತದೆ, ಬಟ್ ಇದ್ದಲ್ಲೇ ಇರುತ್ತದೆ. ಸರಿಯುವ ಪದ ಕೊಂಡಿಯಲ್ಲ.

ಎಡಗೈಲೇಖನಿ
ಹಾಗಾದರೆ ಕನ್ನಡದ "ಆದರೆ" ಹೌಎವರ್ ಜಾತಿ. ಅದರ ಹಿಂದೆ ಅರ್ಧವಿರಾಮ ಕಡ್ಡಾಯ.

ತರಗತಿಮೂಲೆ
ಇಲ್ಲಪ್ಪ. ಸರಿಸಿ ನೋಡಿ. "ಅವನು ಬಂದ, ಆದರೆ ಮಾತಾಡಲಿಲ್ಲ." ಇದನ್ನು "ಅವನು ಬಂದ, ಮಾತಾಡಲಿಲ್ಲ ಆದರೆ" ಅಂತ ಬರಹದಲ್ಲಿ ಯಾರೂ ಬರೆಯಲ್ಲ. "ಆದರೆ" ಕೊಂಡಿಯೇ, ಅಲ್ಪವಿರಾಮ ಸಾಕು. ನನಗೆ ಅನುಮಾನ ಇರುವುದು "ಹೀಗಾಗಿ", "ಆದ್ದರಿಂದ", "ಆಗ" ಇವುಗಳ ಮೇಲೆ. "ದಾರಿ ಮುಚ್ಚಿತ್ತು, ನಾವು ಹೀಗಾಗಿ ಹಿಂದಿರುಗಿದೆವು" ಅಂದರೂ ನಡೆಯುತ್ತದೆ. ಅಂದರೆ ಅವು ಸರಿಯುತ್ತವೆ.

ಸೂತ್ರಧಾರಿ
"ಆದ್ದರಿಂದ" ಸಂಬಂಧಸೂಚಕಾವ್ಯಯ ಅಂತಲೇ ನಾವು ಕಲಿತದ್ದು. ಸಂಯೋಜಿತ ವಾಕ್ಯಕ್ಕೆ ಶಾಲೆಯಲ್ಲಿ ಕೊಡುವ ಉದಾಹರಣೆಯಲ್ಲೇ ಅದು ಇರುತ್ತದೆ. ಅಲ್ಪವಿರಾಮ ಸಾಕು.

ತರಗತಿಮೂಲೆ
ಪಟ್ಟಿಯಲ್ಲಿರುವುದು ಒಂದು, ಕಿವಿ ಹೇಳುವುದು ಇನ್ನೊಂದು. ನಾನು ಅದರ ಹಿಂದೆ ಅರ್ಧವಿರಾಮವನ್ನೇ ಹಾಕುವುದು.

ನಾಲ್ಕನೇಗೇಟು
ಇಂಗ್ಲಿಷಿನವರ ಕಾಯಿಲೆ ನಮಗೇಕೆ? ಜರ್ಮನ್ ಭಾಷೆಯಲ್ಲಿ ಎರಡು ಸ್ವತಂತ್ರ ವಾಕ್ಯಗಳ ನಡುವೆ ಅಲ್ಪವಿರಾಮ ಹಾಕುವುದು ಒಪ್ಪಿತ ಪದ್ಧತಿ, ಅಲ್ಲಿ ಯಾರೂ ಕೆಂಪು ಗೆರೆ ಎಳೆಯಲ್ಲ. ನಮ್ಮ ತಾಳೆಗರಿಗಳಲ್ಲಿ ಅಲ್ಪವಿರಾಮವೇ ಇರಲಿಲ್ಲ. ಅರ್ಧವಿರಾಮವಂತೂ 15ನೇ ಶತಮಾನದ ಕೊನೆಯಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಶಿಯಸ್ ಅಚ್ಚಿಗೆ ತಂದ ಚಿಹ್ನೆ. "ಬಂದೆ, ನೋಡಿದೆ, ಗೆದ್ದೆ" ಅಂತ ಸೀಸರನ ಮಾತನ್ನು ಎಲ್ಲರೂ ಅಲ್ಪವಿರಾಮದಲ್ಲೇ ಬರೆಯುತ್ತಾರೆ. ಅದನ್ನೂ ತಿದ್ದುತ್ತೀರಾ?

ಅಂಚೆಚೀಟಿ
ತಿದ್ದುವುದಿಲ್ಲ. ಮೂರೂ ಪುಟ್ಟವು, ಮೂರಕ್ಕೂ ಒಂದೇ ಅಚ್ಚು, ಕರ್ತೃ ಒಬ್ಬನೇ, ಕ್ರಮ ತಾನೇ ತಾನಾಗಿ ತಿಳಿಯುತ್ತದೆ. ಅಲ್ಲಿ ಅಡಗಿರುವ ನಂಟು ಯಾವುದೂ ಇಲ್ಲ. ಇಂಗ್ಲಿಷಿನ ಶೈಲಿಗುರುಗಳಲ್ಲೂ ಹಲವರು ಇಷ್ಟಕ್ಕೆ ರಿಯಾಯಿತಿ ಕೊಡುತ್ತಾರೆ. ನಮ್ಮಲ್ಲಿ ಇನ್ನೂ ಒಂದು ಬಗೆ ಇದೆ: "ಮಳೆಯೂ ಬಂತು, ಗಾಳಿಯೂ ಬೀಸಿತು." ಇಲ್ಲಿ "ಊ" ಎರಡು ಕಡೆಯೂ ಕೂತು ಕೊಂಡಿಯ ಕೆಲಸ ಮಾಡುತ್ತಿದೆ, ಅಲ್ಪವಿರಾಮದ ಮೇಲೆ ಭಾರವೇ ಇಲ್ಲ.

ಜರ್ಮನ್ ಬಗ್ಗೆ ನೀವು ಹೇಳಿದ್ದು ಸರಿ. ಚಿಹ್ನೆ ಯಾವುದು ಅನ್ನುವುದು ಆಯಾ ಭಾಷೆಯ ಒಪ್ಪಂದ, ಅದರಲ್ಲಿ ಜಗಳವಿಲ್ಲ. ಆದರೆ ವಾಲ್ವ್ ಯಾವಾಗ ತೆರೆಯಬೇಕು ಅನ್ನುವುದನ್ನು ಜರ್ಮನ್ ಕೈಪಿಡಿಯೂ ಬಾಯಿಬಿಟ್ಟು ಹೇಳಲೇಬೇಕು.

ನಾಲ್ಕನೇಗೇಟು
ಕತೆ, ಕಾದಂಬರಿ ಬರೆಯುವವರ ಮೇಲೆ ಈ ಪೆನ್ಸಿಲ್ ತರಬೇಡಿ, ಅಷ್ಟೇ ನನ್ನ ಕೋರಿಕೆ. ಗಾಬರಿಯಲ್ಲಿ ಓಡುವವನ ಮನಸ್ಸು ಅಲ್ಪವಿರಾಮದಲ್ಲೇ ಓಡುತ್ತದೆ.

ನಿಧಾನಿ
ಇನ್ನೊಂದು ಕಡೆ ಗಮನಿಸಿ, ಕ್ರಿಯಾಪದ ಹುಡುಕುತ್ತಾ ಹೋದರೆ ತಪ್ಪಿಸಿಕೊಳ್ಳುವ ವಾಕ್ಯಗಳಿವೆ. "ಅವರು ವೈದ್ಯರು, ಇವರು ವಕೀಲರು, ನಮಗೆ ಬೇಕಾದದ್ದು ಇಂಜಿನಿಯರು." ಒಂದೂ ಕ್ರಿಯಾಪದ ಇಲ್ಲ, ಆದರೂ ಮೂರು ಪೂರ್ಣ ವಾಕ್ಯ. ಮೊದಲೆರಡರ ನಡುವೆ ಅಲ್ಪವಿರಾಮ ಇರಲಿ, ಜೋಡಿ ಹಾಗಿದೆ. ಮೂರನೆಯದಕ್ಕೆ "ಆದರೆ" ಬೇಕು. ತಿರುಗಾ ಇನ್ನೊಂದು: "ನಾಳೆ ಬರುತ್ತೇನೆ ಎಂದು ಹೇಳಿದ" ಇದರಲ್ಲಿ "ಬರುತ್ತೇನೆ" ಪೂರ್ಣ ಕ್ರಿಯಾಪದವೇ, ಆದರೆ "ಎಂದು" ಬಂದು ಅದನ್ನು ಒಳಗೆಳೆದುಕೊಂಡಿದೆ. ಅಲ್ಲಿ ಗೆರೆ ಹಾಕಬೇಡಿ.

ಕರಡುಪ್ರತಿ
ಎಲ್ಲ ಓದಿಕೊಂಡು ಒಂದು ಸಲ ಬರೆದೆ:

"ಡೆಲಿವರಿ ವಾಲ್ವ್ ಮುಚ್ಚಿದೆಯೇ ಎಂದು ನೋಡಿಕೊಂಡು ಪಂಪ್ ಚಾಲೂ ಮಾಡಿರಿ. ಗೇಜ್‌ನಲ್ಲಿ ಒತ್ತಡ ಏರಿ ನಿಂತ ಮೇಲೆ ವಾಲ್ವ್ ಅನ್ನು ನಿಧಾನವಾಗಿ ತೆರೆಯಿರಿ. ಒತ್ತಡ ಏರದಿದ್ದರೆ ಅಥವಾ ವಾಲ್ವ್ ತೆರೆದರೂ ನೀರು ಬರದಿದ್ದರೆ ಪಂಪ್‌ನೊಳಗೆ ಗಾಳಿ ಸೇರಿರಬಹುದು; ಕೂಡಲೇ ಪಂಪ್ ನಿಲ್ಲಿಸಿರಿ. ನೀರು ತುಂಬಿಸಿ ಗಾಳಿ ಪೂರ್ತಿ ಹೊರಹೋದ ಮೇಲೆ ಮತ್ತೆ ಚಾಲೂ ಮಾಡಿರಿ."

ಸೂತ್ರಧಾರಿ
"ನೀರು ತುಂಬಿಸಿ ಗಾಳಿ ಹೊರಹೋದ ಮೇಲೆ". ಕರ್ತೃ ಬದಲಾಯಿತು! ತುಂಬಿಸುವವರು ನೀವು, ಹೋಗುವುದು ಗಾಳಿ. ಈಗ ನಿಧಾನಿಯವರೂ ಒಪ್ಪಬೇಕು.

ನಿಧಾನಿ
ಒಪ್ಪಿದೆ. "ಗಾಳಿ ಪೂರ್ತಿ ಹೊರಹೋಗುವವರೆಗೆ ನೀರು ತುಂಬಿಸಿ, ಮತ್ತೆ ಚಾಲೂ ಮಾಡಿರಿ" ಅಂದರೆ ಹೇಗೆ?

ಬಿಡಿಹೂ
ಈಗ "ತುಂಬಿಸಿ" ಆಜ್ಞೆಯೋ, ಮುಂದುವರಿಕೆಯೋ? ಮತ್ತೆ ಅದೇ ಗುಂಡಿ.

ಅಂಚೆಚೀಟಿ
ಇಲ್ಲಿ ಹೇಗೆ ಓದಿದರೂ ಒಂದೇ ಅರ್ಥ. ತುಂಬಿಸುವವರೂ ಚಾಲೂ ಮಾಡುವವರೂ ಅವರೇ, ಮೊದಲು ಅದು, ಆಮೇಲೆ ಇದು. ಗೊಂದಲದಿಂದ ಕೆಲಸ ಕೆಡದ ಕಡೆ ನಾನು ಬಿಟ್ಟುಬಿಡುತ್ತೇನೆ.

ಅರ್ಧವಿರಾಮ ಸರಿಯಾದ ಜಾಗದಲ್ಲಿದೆ. ಎಡಕ್ಕೆ ಅನುಮಾನ, ಬಲಕ್ಕೆ ಅದರಿಂದ ಹುಟ್ಟಿದ ಆಜ್ಞೆ. "ಆದ್ದರಿಂದ" ಹಾಕದಿದ್ದರೂ ತಿಳಿಯುತ್ತದೆ.

ಸಾಲುಮರ
ವ್ಯಾಕರಣಕ್ಕೆ ಸರಿ, ಕಣ್ಣಿಗೆ? ಇಂಥ ಕೈಪಿಡಿ ಸಣ್ಣ ಅಕ್ಷರದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತದೆ. ಅರ್ಧವಿರಾಮದ ಮೇಲಿನ ಚುಕ್ಕೆ ಮಾಯವಾದರೆ ಉಳಿಯುವುದು ಅಲ್ಪವಿರಾಮ. "ಕೂಡಲೇ ಪಂಪ್ ನಿಲ್ಲಿಸಿರಿ" ಅನ್ನುವುದು ಒಂಟಿಯಾಗಿ, ದಪ್ಪ ಅಕ್ಷರದಲ್ಲಿ ಇರಬೇಕಾದ ಮಾತು. ಪೂರ್ಣವಿರಾಮವೇ ಹಾಕಿ.

ಹಳೇಮೋಟಾರು
ಅದನ್ನ ಮೊದಲೇ ಹಾಕಿ. ಯಾಕೆ ನೀರು ಬರ್ತಿಲ್ಲ ಅನ್ನೋ ಕಾರಣ ಓದಿ ಮುಗಿಸೋ ಹೊತ್ತಿಗೆ ಸೀಲ್ ಹೋಗಿರುತ್ತೆ.

ಅಂಚೆಚೀಟಿ
@ಹಳೇಮೋಟಾರು ಇದು ನನಗೂ ಹೊಳೆದಿರಲಿಲ್ಲ. "...ನೀರು ಬರದಿದ್ದರೆ ಕೂಡಲೇ ಪಂಪ್ ನಿಲ್ಲಿಸಿರಿ. ಪಂಪ್‌ನೊಳಗೆ ಗಾಳಿ ಸೇರಿರಬಹುದು." ಅರ್ಧವಿರಾಮದ ಜಗಳವೇ ಬೇಡವಾಯಿತು.

ತರಗತಿಮೂಲೆ
ಅಯ್ಯೋ, ಇಡೀ ಪ್ಯಾರಾದಲ್ಲಿ ಇದ್ದ ಒಂದೇ ಒಂದು ಅರ್ಧವಿರಾಮವನ್ನೂ ತೆಗೆದಿರಾ! ಹೀಗೇ ಮಾಡಿದರೆ ಕನ್ನಡದಲ್ಲಿ ಅದು ಬರೀ ಕೀಲಿಮಣೆಯ ಮೇಲೆ ಉಳಿಯುತ್ತದೆ.

ಒಂದೂವರೆ
ಪ್ರೋಗ್ರಾಂ ಬರೆಯುವವರು ನಾವಿದ್ದೇವೆ ಮೇಡಂ. ದಿನಕ್ಕೆ ನೂರು ಬಳಸುತ್ತೇವೆ, ಒಂದು ಬಿಟ್ಟುಹೋದರೂ ಬೈಸಿಕೊಳ್ಳುತ್ತೇವೆ.

ಸೂತ್ರಧಾರಿ
@ತರಗತಿಮೂಲೆ "ಆದ್ದರಿಂದ" ಹಿಂದೆ ಹಾಕುತ್ತೇನೆ ಅಂದಿರಲ್ಲ, ಅಲ್ಲಿ ಬದುಕಿಕೊಳ್ಳಲಿ. ಆದರೆ ನಾನು ಮಾತ್ರ ಅಲ್ಪವಿರಾಮವೇ.

ತರಗತಿಮೂಲೆ
ಹಾಗಿದ್ದರೆ "ಹೀಗಾಗಿ" ಹಿಂದೆ ಏನು ಹಾಕುತ್ತೀರಿ? ಅದು ನಿಮ್ಮ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಅದನ್ನು ಮೊದಲು ಹೇಳಿ.

ಸೂತ್ರಧಾರಿ
ಪುಸ್ತಕ ನೋಡಿ ಹೇಳುತ್ತೇನೆ.

ಕಿಟಕಿಪಕ್ಕ
ಫುಟ್‌ವಾಲ್ವ್ ಬಿಚ್ಚಿದೆ. ಎಲೆ ಸಿಕ್ಕಿತ್ತು. ಥ್ಯಾಂಕ್ಸ್ ಹಳೇಮೋಟಾರು ಅಣ್ಣ.